ಮುನ್ನೂರ ಅರವತ್ತು ಷೇರುಗಳ ವಾರ

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅವನು ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿ, ‘ಈ ವಾರ ಮಾರ್ಕೆಟ್ ಚೆನ್ನಾಗಿರಲಿಲ್ಲ’ ಎಂದು ಬರೆದ. ಬರೆದದ್ದನ್ನು ಓದಿಕೊಂಡ. ಕುಣಿಯಲಾರದವನು ನೆಲ ಡೊಂಕು ಎಂದ ಹಾಗಿತ್ತು. ಹಾಳೆ ಹರಿದು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದ. ಆಮೇಲೆ ಎದ್ದು ಹೋಗಿ ಅದನ್ನು ಬುಟ್ಟಿಯಿಂದ ತೆಗೆದು, ಚೂರುಚೂರು ಮಾಡಿ, ತರಕಾರಿ ಸಿಪ್ಪೆಯ ಕೆಳಗೆ ತುರುಕಿದ. ಯಾರು ನೋಡುತ್ತಾರೆಂದು ಹಾಗೆ ಮಾಡಿದನೋ ಅವನಿಗೇ ತಿಳಿಯಲಿಲ್ಲ. ಮನೆಯಲ್ಲಿ ಅವನೊಬ್ಬನೇ ಇದ್ದ.

ಅವನ ನಿಜವಾದ ಕೆಲಸ ಕಿವಿ ಪರೀಕ್ಷೆ. ದೊಡ್ಡ ರಸ್ತೆಯ ಮೂರನೇ ಮಹಡಿಯ ಕ್ಲಿನಿಕ್ಕಿನಲ್ಲಿ ಒಂದು ಗಾಜಿನ ಕಿಟಕಿಯ ಈಚೆ ಅವನು, ಆಚೆ ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡ ರೋಗಿ. ಸದ್ದು ಕೇಳಿದರೆ ರೋಗಿ ಗುಂಡಿ ಒತ್ತಬೇಕು. ಷೇರು ವ್ಯಾಪಾರ ಅವನ ಪಾರ್ಟ್ ಟೈಮು. ಬೆಳಿಗ್ಗೆ ಒಂದಿಷ್ಟು, ಊಟದ ಹೊತ್ತಿಗೆ ಒಂದಿಷ್ಟು, ಒಬ್ಬ ರೋಗಿ ಹೋಗಿ ಇನ್ನೊಬ್ಬ ಬರುವುದರೊಳಗೆ ಒಂದಿಷ್ಟು. ಪರೀಕ್ಷೆ ನಡೆಯುವಾಗ ಫೋನು ಒಳಗೆ ತರುವಂತಿಲ್ಲ. ಅರ್ಧ ಗಂಟೆ ಫೋನು ಕೌಂಟರಿನ ಡ್ರಾಯರಿನಲ್ಲಿ, ಜೀವ ಬಾಯಲ್ಲಿ.

ಎರಡು ವರ್ಷದ ಹಿಂದೆ ಇದನ್ನು ಶುರು ಮಾಡಿದಾಗ ಹೆಂಡತಿ ಬೇಡವೆನ್ನಲಿಲ್ಲ. ಅವಳು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸು. ಒಂದೇ ಷರತ್ತು ಹಾಕಿದ್ದಳು.

“ವಾರಕ್ಕೊಂದು ಸಲ ಬರೆದಿಡು. ನಾವು ಪಾಳಿ ಮುಗಿಸಿ ಹೋಗುವಾಗ ಮುಂದಿನವರಿಗೆ ಬರೆದಿಡ್ತೀವಲ್ಲ, ಹಾಗೆ. ಏನಿತ್ತು, ಏನಾಯ್ತು, ಏನು ಬಾಕಿ. ನಾನು ಓದಲ್ಲ. ನೀನೇ ಓದ್ಕೋ.”

“ನನಗೆ ನಾನೇ ಬರ್ಕೊಳ್ಳೋದಾ?”

“ಸೋಮವಾರ ಕೂರೋನು ಬೇರೆಯವನೇ ಕಣೋ ಮಹಾರಾಯ. ಶುಕ್ರವಾರದವನು ಏನು ಎಡವಟ್ಟು ಮಾಡಿ ಹೋದ ಅಂತ ಅವನಿಗೆ ಗೊತ್ತಿರಲ್ಲ.”

ಅವಳು ಕೊಟ್ಟ ಮಾತಿನಂತೆ ಎರಡು ವರ್ಷದಲ್ಲಿ ಒಂದು ದಿನವೂ ಆ ನೋಟ್‌ಬುಕ್ ಮುಟ್ಟಿರಲಿಲ್ಲ. ಈ ಶನಿವಾರ ಅದೇ ಅವನಿಗೆ ಹೆದರಿಕೆಯಾಗಿತ್ತು. ಮುಟ್ಟದವಳ ಮುಂದೆ ಸುಳ್ಳು ಬರೆಯುವುದು ಎಷ್ಟು ಸುಲಭ!

ಹೊಸ ಹಾಳೆ ತೆಗೆದು ‘ಏನಿತ್ತು’ ಎಂದು ಬರೆದ. ಅದು ಸಲೀಸಾಗಿಯೇ ಬಂತು. ಸೋಮವಾರ ಒಂದು ಬಣ್ಣದ ಕಂಪನಿ, ಐವತ್ತು ಷೇರು. ಕೊಂಡದ್ದು ನಾನೂರಕ್ಕೆ, ಸ್ಟಾಪ್ ಇಟ್ಟದ್ದು ಮುನ್ನೂರ ಎಂಬತ್ತಕ್ಕೆ. ಸ್ಟಾಪ್ ಎಂದರೆ ಮೊದಲೇ ಹಾಕಿಡುವ ಆಜ್ಞೆ: ಬೆಲೆ ಇಲ್ಲಿಗೆ ಇಳಿದರೆ ನನ್ನನ್ನು ಕೇಳಬೇಡ, ಮಾರಿಬಿಡು. ಒಂದು ಲಕ್ಷದ ಖಾತೆಯಲ್ಲಿ ಒಂದು ವ್ಯವಹಾರಕ್ಕೆ ಒಂದು ಸಾವಿರಕ್ಕಿಂತ ಹೆಚ್ಚು ಕಳೆಯಬಾರದು ಎಂಬುದು ಅವನ ನಿಯಮ. ಅವನು ಒಬ್ಬ ಅಜ್ಜಿಯ ಕಿವಿ ಪರೀಕ್ಷಿಸುತ್ತಿದ್ದಾಗ ಬೆಲೆ ಇಳಿಯಿತು, ಸ್ಟಾಪ್ ತನ್ನ ಕೆಲಸ ಮಾಡಿತು, ಸಾವಿರ ಹೋಯಿತು. ಮಧ್ಯಾಹ್ನ ಅದೇ ಷೇರು ನಾನೂರ ಹನ್ನೆರಡರಲ್ಲಿ ನಿಂತು ಅವನ ಮುಖ ನೋಡಿ ನಗುತ್ತಿತ್ತು. ಮಂಗಳವಾರ ಬೇರೊಂದರಲ್ಲಿ ಇನ್ನೊಂದು ಸಾವಿರ. ಅದೂ ನಿಯಮದ ಪ್ರಕಾರವೇ. ಇಲ್ಲಿಯವರೆಗೆ ನಾಚಿಕೆ ಪಡುವಂಥದ್ದೇನೂ ಇರಲಿಲ್ಲ.

‘ಬುಧವಾರ’ ಎಂದು ಬರೆದ ಮೇಲೆ ಪೆನ್ನು ನಿಂತಿತು.

ಬುಧವಾರ ಪಂಪು ತಯಾರಿಸುವ ಕಂಪನಿ. ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವವನಿಗೆ ಎಲ್ಲರೂ ರೇಡಿಯೋ ಅಣ್ಣ ಅನ್ನುತ್ತಿದ್ದರು. ಬೆಳಿಗ್ಗೆ ಹಚ್ಚಿದರೆ ಸಂಜೆ ಬಾಗಿಲು ಹಾಕುವವರೆಗೆ ಆರುತ್ತಿರಲಿಲ್ಲ. ಅವನೂ ಅಷ್ಟಿಷ್ಟು ಷೇರು ಕೊಳ್ಳುವವನು. “ನೀರಿಲ್ಲದ ಊರಿಲ್ಲ, ಪಂಪಿಲ್ಲದ ನೀರಿಲ್ಲ, ತಗೊಳ್ಳೋ ತಮ್ಮಾ” ಎಂದಿದ್ದ. ಆದರೆ ಕೊಂಡದ್ದು ಆ ಮಾತಿಗಲ್ಲ. ತಾನೇ ನೋಡಿ, ತಾನೇ ಲೆಕ್ಕ ಹಾಕಿ ಕೊಂಡ: ಇನ್ನೂರ ಐವತ್ತಕ್ಕೆ ನೂರು ಷೇರು, ಸ್ಟಾಪ್ ಇನ್ನೂರ ನಲವತ್ತಕ್ಕೆ. ಖಾತೆಯಲ್ಲಿ ಕೈಗೆ ಸಿಗುವಂತಿದ್ದ ಹಣವೆಲ್ಲ ಅಷ್ಟೇ. ಉಳಿದದ್ದು ಹಳೆಯ ಷೇರುಗಳಲ್ಲಿತ್ತು. ಎರಡು ಗಂಟೆಗೆ ಮುಂದಿನ ರೋಗಿ ಬಂದಾಗ ಬೆಲೆ ಇನ್ನೂರ ನಲವತ್ತೆರಡು. ಸ್ಟಾಪಿಗೆ ಎರಡೇ ಹೆಜ್ಜೆ.

ವಾರಕ್ಕೆ ಮೂರು ಸೋಲಾದರೆ ಆ ವಾರ ಅಂಗಡಿ ಬಂದ್. ಅದು ಅವನ ಇನ್ನೊಂದು ನಿಯಮ. ಇದು ಮೂರನೆಯದಾಗುತ್ತಿತ್ತು. ಫೋನನ್ನು ಡ್ರಾಯರಿಗೆ ಹಾಕುವ ಮುಂಚೆ ಅವನು ಸ್ಟಾಪನ್ನು ರದ್ದು ಮಾಡಿದ. ನಾನಿಲ್ಲದಾಗ ಮತ್ತೆ ಹೊಡೆಯುವುದು ಬೇಡ, ಬಂದು ನೋಡಿಕೊಳ್ಳುತ್ತೇನೆ ಎಂದುಕೊಂಡ. ಕಳ್ಳರು ಬರುವ ಹೊತ್ತಿಗೆ ಕಾವಲುಗಾರನನ್ನು ರಜೆ ಮೇಲೆ ಕಳಿಸಿದ ಹಾಗೆ.

ಹೊರಗೆ ಬಂದಾಗ ಬೆಲೆ ಇನ್ನೂರ ಮೂವತ್ತಾರು. ಈಗ ಮಾರಿದರೆ ಸಾವಿರದ ನಾನೂರು ನಷ್ಟ, ನಿಯಮಕ್ಕಿಂತ ನಾನೂರು ಹೆಚ್ಚು. ಆ ನಾನೂರನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕಲ್ಲ ಎಂದು ಅವನು ಮಾರಲಿಲ್ಲ. ನಾನೂರು ಬರೆಯಲು ನಾಚಿದವನು ಮರುದಿನ ಮಾಡಿದ್ದು ಬೇರೆಯೇ. ಗುರುವಾರ ಬೆಲೆ ಇನ್ನೂರ ಮೂವತ್ತಾದಾಗ ಇನ್ನೂ ಇನ್ನೂರ ಅರವತ್ತು ಷೇರು ಕೊಂಡ. ಕಡಿಮೆ ಬೆಲೆಗೆ ಇನ್ನಷ್ಟು ಕೊಂಡರೆ ಸರಾಸರಿ ಇಳಿಯುತ್ತದೆ, ಸ್ವಲ್ಪ ಏರಿದರೂ ಬಚಾವ್ ಎಂಬ ಲೆಕ್ಕ. ಅದಕ್ಕೆ ಬೇಕಾದ ಅರವತ್ತು ಸಾವಿರವನ್ನು ಗಂಡಹೆಂಡಿರ ಜಂಟಿ ಖಾತೆಯಿಂದ ತೆಗೆದ. ಅದು ಹೆಂಡತಿ ಸೂಲಗಿತ್ತಿ ತರಬೇತಿಗೆ ಸೇರಲು ಮೂರು ವರ್ಷದಿಂದ ಕೂಡಿಟ್ಟ ಶುಲ್ಕ.

ಶುಕ್ರವಾರ ಮಾರ್ಕೆಟ್ ಮುಚ್ಚಿದಾಗ ಬೆಲೆ ಇನ್ನೂರ ಇಪ್ಪತ್ತೊಂದು. ಕಂಪನಿಯ ಲಾಭನಷ್ಟದ ಫಲಿತಾಂಶ ಬರುವುದು ಸೋಮವಾರ ಬೆಳಿಗ್ಗೆ.

ಇದನ್ನೆಲ್ಲ ಅವನು ಇನ್ನೂ ಬರೆದಿರಲಿಲ್ಲ. ಹಾಳೆಯ ಮೇಲೆ ‘ಬುಧವಾರ’ ಎಂಬ ಒಂದೇ ಪದ ಕುಳಿತಿತ್ತು. ನಲ್ಲಿ ತೊಟ್ಟಿಕ್ಕುತ್ತಿತ್ತು. ದಿನವೆಲ್ಲ ಸಣ್ಣ ಸದ್ದುಗಳನ್ನು ಅಳೆಯುವವನಿಗೆ ಅದು ಎಷ್ಟು ಡೆಸಿಬೆಲ್ ಎಂದು ಅಂದಾಜು ಗೊತ್ತಿತ್ತು. ಆದರೂ ಯಾರೋ ಬಾಗಿಲು ತಟ್ಟಿದಂತೆ ಕೇಳುತ್ತಿತ್ತು.

ಮೂರೂವರೆಗೆ ನಿಜವಾಗಿಯೇ ಬಾಗಿಲ ಬೀಗ ತಿರುಗಿತು. ಹೆಂಡತಿ ಬೆಳಗಿನ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಟ್ಟಳು.

“ಸಾಹೇಬರ ವರದಿ ನಡೀತಿದೆಯಾ? ನಡೀಲಿ, ನಡೀಲಿ.” ಕೈ ತೊಳೆಯುತ್ತ ಕೂಗಿದಳು. “ಇವತ್ತು ನಮ್ಮ ಮೇಡಂ ಸಹಿ ಹಾಕಿದ್ರು ಕಣೋ. ರಜೆ ಸಿಕ್ತು. ಶುಲ್ಕ ಕಟ್ಟೋಕೆ ಗುರುವಾರ ಕೊನೇ ದಿನ. ಬುಧವಾರಾನೇ ಕಟ್ಟಿಬಿಡ್ತೀನಿ, ಕೊನೇ ಗಳಿಗೆಗೆ ಇಟ್ಕೊಳ್ಳಲ್ಲ.”

“ಹೂಂ.”

“ಏನು ಹೂಂ? ಒಂದು ನಗೂ ಇಲ್ಲ? ಮುಖ ನೋಡಿದ್ರೆ ಸೋತ ವಾರ ಅನ್ಸುತ್ತೆ.”

“ಸೋತ ವಾರಾನೇ.”

“ಸರಿ ಬಿಡು. ಹೋಗಿದ್ದು ಹೋಯ್ತು.” ಅವಳು ಟವೆಲ್ಲಿನಲ್ಲಿ ಕೈ ಒರೆಸುತ್ತ ಮೇಜಿನ ಪಕ್ಕ ಬಂದು ನಿಂತಳು. ಅವನು ನೋಟ್‌ಬುಕ್ಕಿನ ಮೇಲೆ ಅಂಗೈ ಅಗಲಿಸಿ ಇಟ್ಟ. ಎರಡು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಅವಳು ಕೈ ನೋಡಿದಳು. “ಒಂದು ಗಂಟೆ ಮಲಗ್ತೀನಿ” ಎಂದು ಒಳಗೆ ಹೋದಳು. ಬಾಗಿಲನ್ನು ಪೂರ್ತಿ ಹಾಕಲಿಲ್ಲ.

ಆ ಒಂದು ಗಂಟೆಯಲ್ಲಿ ಅವನು ಬರೆದ. ಒಳಗಿನಿಂದ ಅವಳ ಉಸಿರು ಕೇಳುತ್ತಿತ್ತು, ಅಥವಾ ಕೇಳುತ್ತಿದೆ ಎಂದುಕೊಂಡ. ಸ್ಟಾಪ್ ರದ್ದು ಮಾಡಿದ್ದು ಬರೆದ. ಏಕೆ ಎಂಬುದಕ್ಕೆ ಮೊದಲು ‘ರೋಗಿ ಇದ್ದದ್ದರಿಂದ’ ಎಂದು ಬರೆದು ಹೊಡೆದುಹಾಕಿ, ‘ಮೂರನೇ ಸೋಲು ಒಪ್ಪಿಕೊಳ್ಳಲು ಹೆದರಿ’ ಎಂದು ತಿದ್ದಿದ. ಅರವತ್ತು ಸಾವಿರ ಬರೆಯುವಾಗ ಅಕ್ಷರ ಇರುವೆಯಷ್ಟು ಚಿಕ್ಕದಾಯಿತು. ಯಾರ ಹಣ ಎಂಬುದನ್ನು ಬರೆಯದೆ ಮುಂದೆ ಹೋದ, ಹಿಂದೆ ಬಂದ, ‘ಅವಳದು’ ಎಂದು ಸೇರಿಸಿದ.

ಆಮೇಲೆ ‘ಏನು ಬಾಕಿ’.

ಕೈಯಲ್ಲಿ ಮುನ್ನೂರ ಅರವತ್ತು ಷೇರು. ಸ್ಟಾಪ್ ಇಲ್ಲ. ಸರಾಸರಿ ಇನ್ನೂರ ಮೂವತ್ತೈದೂವರೆ. ಬೆಲೆ ಒಂದು ಇಳಿದರೆ ಮುನ್ನೂರ ಅರವತ್ತು ಹೋಗುತ್ತದೆ. ಫಲಿತಾಂಶ ಕೆಟ್ಟದಾಗಿದ್ದರೆ ಬೆಲೆ ಮೆಟ್ಟಿಲಿಳಿಯುವುದಿಲ್ಲ, ಮಹಡಿಯಿಂದ ಬೀಳುತ್ತದೆ; ಆಗ ಸ್ಟಾಪ್ ಇದ್ದರೂ ಬಿದ್ದ ಜಾಗದಲ್ಲೇ ಮಾರುತ್ತದೆ. ಇನ್ನೂರಕ್ಕೆ ತೆರೆದರೆ? ನೂರ ಎಂಬತ್ತಕ್ಕೆ? ಅವನು ಒಂದೊಂದನ್ನೂ ಗುಣಿಸುತ್ತ ಹೋದ. ಗುಣಿಸಿದಷ್ಟೂ ಅಂಗೈ ಬೆವರಿ ಹಾಳೆ ಅಂಟುತ್ತಿತ್ತು. ನಾಲ್ಕನೇ ಗುಣಾಕಾರದಲ್ಲಿ ಅವನಿಗೆ ಎರಡು ದಿನದಿಂದ ಕಾಣದೇ ಇದ್ದದ್ದು ಕಂಡಿತು. ಅವನು ಕಳೆದುಕೊಂಡದ್ದನ್ನೇ ಎಣಿಸುತ್ತಿದ್ದ, ಉಳಿದದ್ದನ್ನು ಎಣಿಸಿರಲಿಲ್ಲ. ಶುಕ್ರವಾರದ ಬೆಲೆಗೆ ಮಾರಿದರೆ ಕೈಗೆ ಬರುವುದು ಎಪ್ಪತ್ತೊಂಬತ್ತೂವರೆ ಸಾವಿರ. ಅವಳ ಅರವತ್ತು ಸಾವಿರ ಇಡಿಯಾಗಿ ಅದರೊಳಗಿದೆ. ಬೆಲೆ ನೂರ ಅರವತ್ತೇಳರ ಕೆಳಗೆ ಹೋಗುವವರೆಗೂ ಇರುತ್ತದೆ. ಸೋಮವಾರ ಮಾರಿದರೆ ಮಂಗಳವಾರ ಖಾತೆಗೆ, ಬುಧವಾರ ಬ್ಯಾಂಕಿಗೆ. ಅಸಲು ಬರಲಿ ಎಂದು ಕಾದರೆ ಮಾತ್ರ ಅದು ಹೋಗುತ್ತದೆ.

ಇದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಹೆದರಿಕೆ ಜಾಗ ಬದಲಿಸಿತು ಅಷ್ಟೆ. ಈಗ ಅವನು ಹೆದರಿದ್ದು ಸೋಮವಾರ ಬೆಳಿಗ್ಗೆ ಫೋನು ಹಿಡಿದು ನಿಲ್ಲುವ ಮನುಷ್ಯನಿಗೆ. ಬುಧವಾರ ಸ್ಟಾಪ್ ಕಿತ್ತವನು ಅವನೇ. ಮಾರುವ ಆರ್ಡರನ್ನು ಇವತ್ತೇ ಹಾಕಿಡಬಹುದು, ಮಾರ್ಕೆಟ್ ತೆರೆದ ಕೂಡಲೇ ಸಿಕ್ಕಿದ ಬೆಲೆಗೆ ಮಾರಾಟವಾಗುತ್ತದೆ. ಆದರೆ ತೆರೆಯುವ ಕೆಲವು ನಿಮಿಷ ಮೊದಲಿನವರೆಗೂ ಅದನ್ನು ಒಂದು ಬೆರಳಿನಿಂದ ರದ್ದು ಮಾಡಬಹುದು. ಆ ಬೆರಳು ಅವನ ಕೈಯಲ್ಲೇ ಇತ್ತು.

ಆರ್ಡರ್ ಹಾಕಿದ. ನೋಟ್‌ಬುಕ್ಕಿನ ಕೊನೆಗೆ ಬರೆದ: ‘ಸೋಮವಾರ ನಾನು ಏನೇ ಕಾರಣ ಹೇಳಿ ಇದನ್ನು ನಿಲ್ಲಿಸು ಎಂದರೂ ನಿಲ್ಲಿಸಬಾರದು. ಕಾರಣ ಚೆನ್ನಾಗಿಯೇ ಇರುತ್ತದೆ. ಬುಧವಾರದ್ದೂ ಚೆನ್ನಾಗಿಯೇ ಇತ್ತು.’

ಯಾರಿಗೆ ಬರೆದೆ ಎಂದು ನೋಡಿದ. ತನಗೆ ತಾನೇ ಬರೆದುಕೊಂಡ ಚೀಟಿಯಂತೆ ಅದು ಇರಲಿಲ್ಲ.

ಅವಳು ಎದ್ದು ಬಂದಾಗ ಅವನು ನೋಟ್‌ಬುಕ್ಕನ್ನು ಅವಳ ಕಡೆ ತಿರುಗಿಸಿ ತಳ್ಳಿದ.

“ನಾನು ಓದಲ್ಲ ಅಂದಿದ್ದೆ.”

“ಈ ಸಲ ಓದು.”

ಅವಳು ನಿಂತೇ ಓದಿದಳು. ಕಣ್ಣು ಮೇಲಿನಿಂದ ಕೆಳಗೆ ಒಂದೇ ವೇಗದಲ್ಲಿ ಹೋಯಿತು, ಒಂದು ಜಾಗದಲ್ಲಿ ನಿಂತಿತು, ಮತ್ತೆ ಹೋಯಿತು. ಎಲ್ಲಿ ನಿಂತಿತು ಎಂದು ಅವನಿಗೆ ಗೊತ್ತಿತ್ತು. ಅವಳು ಕೂಗಾಡಲಿ ಎಂದು ಕಾದ. ಅವಳು ಕುರ್ಚಿ ಎಳೆದು ಕುಳಿತಳು.

“ಗುರುವಾರ ತೆಗೆದಿದ್ದಾ?”

“ಹೂಂ.”

“ಗುರುವಾರ ಸಂಜೆ ಸಿನಿಮಾಕ್ಕೆ ಹೋಗೋಣ್ವಾ ಅಂದೆ ನೀನು.”

ಅವನು ತಲೆ ತಗ್ಗಿಸಿದ. ಅದನ್ನು ಅವನು ಬರೆದಿರಲಿಲ್ಲ.

“ಅಳಬೇಡ. ಅತ್ತರೆ ನಾನು ಎದ್ದು ಹೋಗ್ತೀನಿ” ಎಂದಳು. “ಸೋಮವಾರ ನನಗೆ ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಮನೇಲಿರ್ತೀನಿ. ವಾರ್ಡಿನಲ್ಲಿ ಅಮಲಿನ ಔಷಧಿ ಇಡೋ ಕಪಾಟಿನ ಬೀಗದಕೈ ಪಾಳಿ ಮುಗಿಸಿದವರು ಮನೆಗೆ ತಗೊಂಡು ಹೋಗಲ್ಲ. ಎಷ್ಟೇ ನಂಬಿಕಸ್ಥರಾಗಿರಲಿ. ಫೋನು ಇಲ್ಲಿಟ್ಟು ಹೋಗು.”

“ಪಾಸ್‌ವರ್ಡ್ ಬೇಕಾ?”

“ಬೇಡ. ನಾನು ಏನೂ ಮಾಡಲ್ಲ. ನೀನು ಏನೂ ಮಾಡದ ಹಾಗೆ ನೋಡ್ಕೋತೀನಿ, ಅಷ್ಟೇ.”

ಭಾನುವಾರ ಇಬ್ಬರೂ ಒಂದೇ ಮನೆಯಲ್ಲಿ ಎರಡು ಮನೆಯವರ ಹಾಗೆ ಓಡಾಡಿದರು. ಉಪ್ಪು ಕೊಡು, ನೀರು ಬಿಡು, ದೀಪ ಆರಿಸು. ಅವನು ಎರಡು ಸಲ ಫೋನು ಹಿಡಿದು ಬಚ್ಚಲಿಗೆ ಹೋದ. ಎರಡು ಸಲವೂ ಆರ್ಡರ್ ಅಲ್ಲೇ ಇದೆಯೇ ಎಂದು ನೋಡಿ ಬಂದ. ಮೂರನೇ ಸಲ ಫೋನನ್ನು ಅವನೇ ಅವಳ ದಿಂಬಿನ ಪಕ್ಕ ಇಟ್ಟ.

ಸೋಮವಾರ ಎಂಟೂ ಮುಕ್ಕಾಲಿಗೆ ಕ್ಲಿನಿಕ್ಕಿನಲ್ಲಿ ರೇಡಿಯೋ ಅಣ್ಣ ಕೌಂಟರಿನ ಮೇಲೆ ಎರಡೂ ಕೈ ಬಡಿದ.

“ತಮ್ಮಾ! ಪಂಪು ಕಂಪನಿ ಫಲಿತಾಂಶ ಬಂತು! ಲಾಭ ಒಂದೂವರೆ ಪಟ್ಟು! ಇವತ್ತು ನೋಡು, ಮೇಲಕ್ಕೆ ಎತ್ತಿ ನೀರು ಸುರಿಯುತ್ತೆ. ಹೇಳಿದ್ನಾ ಇಲ್ವಾ? ಇಟ್ಕೊಂಡಿದೀಯ ತಾನೇ?”

ಶುಕ್ರವಾರದಿಂದ ಬೀಳುವುದಕ್ಕೆ ಹೆದರಿದ್ದವನು, ಏರುತ್ತದೆ ಎಂದಾಗ ಇನ್ನೂ ಹೆಚ್ಚು ಹೆದರಿದ. ಇನ್ನೂರ ಮೂವತ್ತಾರು ಬಂದರೆ ಸಾಕು, ಎಲ್ಲ ಅಸಲಿಗೆ ಬರುತ್ತದೆ. ಗುರುವಾರ ಏನೂ ನಡೆದೇ ಇಲ್ಲ ಎಂಬಂತೆ. ಅವಳಿಗೆ ಅರವತ್ತು ಸಾವಿರ ಕೊಟ್ಟು, ನೋಡು, ಒಂದು ಕಾಸೂ ಹೋಗಲಿಲ್ಲ ಎನ್ನಬಹುದು. ಆರ್ಡರ್ ಮಾತ್ರ ತೆರೆದ ಕೂಡಲೇ ಮಾರಿಬಿಡುತ್ತದೆ. ಎರಡು ಗಂಟೆ ತಡೆದರೆ ಸಾಕಿತ್ತು. ಎರಡೇ ಗಂಟೆ.

ಗೋಡೆಯ ಗಡಿಯಾರ ಎಂಟು ಐವತ್ತೇಳು ತೋರಿಸುತ್ತಿತ್ತು. ಒಂಬತ್ತೂಕಾಲಿಗೆ ಮಾರ್ಕೆಟ್. ಕಿಸೆಗೆ ಕೈ ಹಾಕಿದ, ಖಾಲಿ. ಕೌಂಟರಿನ ಫೋನೆತ್ತಿ ಹೆಂಡತಿಯ ನಂಬರು ಒತ್ತಿದ.

“ಹಲೋ. ನಾನು. ಕೇಳು, ಫಲಿತಾಂಶ ತುಂಬಾ ಚೆನ್ನಾಗಿದೆ. ಪಾಸ್‌ವರ್ಡ್ ಹೇಳ್ತೀನಿ, ಆ ಆರ್ಡರ್ ರದ್ದು ಮಾಡು. ಬರೀ ಎರಡು ಗಂಟೆ ಮಟ್ಟಿಗೆ. ಆಮೇಲೆ ನಾನೇ ಮಾರ್ತೀನಿ, ಆಣೆ.”

ಆ ಕಡೆ ಹಾಳೆ ಮಗುಚಿದ ಸದ್ದು.

“‘ಕಾರಣ ಚೆನ್ನಾಗಿಯೇ ಇರುತ್ತದೆ’ ಅಂತ ಬರೆದಿದೆ” ಎಂದಳು. “ಇದು ನಿನ್ನ ಅಕ್ಷರ ತಾನೇ?”

“ಹೌದು, ಆದ್ರೆ ಈಗ ಪರಿಸ್ಥಿತಿ ಬೇರೆ—”

“ವಾರ್ಡಿನಲ್ಲಿ ಡಾಕ್ಟರು ಬರೆದಿದ್ದು ಒಂದು, ಫೋನಲ್ಲಿ ಹೇಳೋದು ಇನ್ನೊಂದಾದ್ರೆ ನಾವೇನು ಹೇಳ್ತೀವಿ ಗೊತ್ತಾ? ಬಂದು ಬರೆದು ಕೊಡಿ ಅಂತೀವಿ. ಬಂದು ಬರೆದು ಕೊಡು.”

“ಮನೆಗೆ ನಲವತ್ತು ನಿಮಿಷ ಬೇಕು!”

“ಬೇಕಲ್ಲ” ಎಂದಳು. ಮತ್ತೆ ಮಾತಾಡಿದಾಗ ಅವಳ ದನಿ ತೆಳ್ಳಗಾಗಿತ್ತು. “ನೋಡು, ನನಗೂ ಆಸೆ ಆಗ್ತಿದೆ. ನನಗೂ ಭಯ ಆಗ್ತಿದೆ. ಅದಕ್ಕೇ ಫೋನಿಡ್ತಾ ಇದೀನಿ.”

ಇಟ್ಟಳು.

ರೇಡಿಯೋ ಅಣ್ಣ ಬಾಯಿ ತೆರೆದುಕೊಂಡು ನೋಡುತ್ತಿದ್ದ. “ಮನೇಲಿ ಏನಾದ್ರೂ…” ಎಂದ, ವಾಕ್ಯ ಮುಗಿಸಲಿಲ್ಲ. ಅವನ ಜನ್ಮದಲ್ಲಿ ಅದೇ ಮೊದಲಿರಬೇಕು.

ಒಂಬತ್ತು ಐದಕ್ಕೆ ಮೊದಲ ರೋಗಿ ಒಳಗೆ ಕೂತ. ಬಸ್ ಡ್ರೈವರ್, ಐವತ್ತೈದರ ಆಚೀಚೆ. ಲೈಸೆನ್ಸ್ ಮುಂದುವರಿಸಲು ಕಿವಿಯ ಸರ್ಟಿಫಿಕೇಟ್ ಬೇಕಿತ್ತು. ಹೆಡ್‌ಫೋನ್ ಹಾಕಿ, ಗುಂಡಿ ಕೈಗೆ ಕೊಟ್ಟು, ದಪ್ಪ ಬಾಗಿಲು ಮುಚ್ಚಿ, ಈಚೆ ಬಂದು ಕುಳಿತ. ಸದ್ದು ಕೇಳಿ ಗುಂಡಿ ಒತ್ತಿದರೆ ಹತ್ತು ಡೆಸಿಬೆಲ್ ಇಳಿಸಬೇಕು, ಒತ್ತದಿದ್ದರೆ ಐದು ಏರಿಸಬೇಕು. ಸಾವಿರ ಸಲ ಮಾಡಿದ ಕೆಲಸ.

ಅವನು ಇನ್ನೂ ಸದ್ದು ಕಳಿಸಿರಲಿಲ್ಲ. ದೀಪ ಹೊತ್ತಿತು. ಡ್ರೈವರ್ ಗುಂಡಿ ಒತ್ತಿದ್ದ. ಮತ್ತೆ ಒತ್ತಿದ. ಗಾಜಿನ ಆಚೆ ಅವನ ಹಣೆ ಹೊಳೆಯುತ್ತಿತ್ತು. ಕೇಳದೆ ಹೋದರೆ ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಇಲ್ಲದ ಸದ್ದಿಗೆಲ್ಲ ಒತ್ತುತ್ತಿದ್ದ.

ಈಚೆಯಿಂದ ಅವನು ಮೈಕಿನಲ್ಲಿ ಹೇಳಿದ: “ಯಜಮಾನರೇ, ಅವಸರ ಬೇಡ. ಕೇಳಿಸಿದರೆ ಮಾತ್ರ ಒತ್ತಿ. ಕೇಳಿಸದಿದ್ದರೆ ಸುಮ್ಮನಿರಿ. ಸುಮ್ಮನಿದ್ದರೂ ತಪ್ಪಲ್ಲ.”

“ಸುಮ್ಮನಿದ್ದರೆ ಫೇಲ್ ಮಾಡ್ತೀರಲ್ಲ ಸಾರ್?”

“ಸುಮ್ಮಸುಮ್ಮನೆ ಒತ್ತಿದರೆ ನಿಮಗೆಷ್ಟು ಕೇಳುತ್ತೆ ಅಂತ ನನಗೆ ಗೊತ್ತೇ ಆಗಲ್ಲ. ಉಸಿರಾಡಿ. ಮೊದಲಿನಿಂದ ಶುರು ಮಾಡೋಣ.”

ಗಡಿಯಾರ ಇವನ ಬೆನ್ನ ಹಿಂದೆ ಇತ್ತು. ತಿರುಗಿ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕು ಸಲ ನೋಡಿದ. ಮೂರನೇ ಸಲ ಒಂಬತ್ತೂಕಾಲಾಗಿ ಒಂದು ನಿಮಿಷ. ಏನೂ ಆಗಲಿಲ್ಲ, ನೆಲ ನಡುಗಲಿಲ್ಲ, ಯಾರೂ ಬಾಗಿಲು ಬಡಿಯಲಿಲ್ಲ. ಡ್ರೈವರನ ಬಲಗಿವಿ ಪರವಾಗಿರಲಿಲ್ಲ. ಎಡಗಿವಿ ಕೀರಲು ಸದ್ದಿಗೆ ಮಂದ. ಎಂಜಿನ್ ಪಕ್ಕ ಕೂತವರದ್ದು ಹಾಗೆಯೇ. ಸರ್ಟಿಫಿಕೇಟಿಗೆ ಅಷ್ಟು ಸಾಕಾಗುತ್ತಿತ್ತು.

ಹೊರಬಂದಾಗ ಕೌಂಟರಿನ ಮೇಲೆ ಒಂದು ಚೀಟಿ. ರೇಡಿಯೋ ಅಣ್ಣನ ಅಕ್ಷರ: ‘ಮನೆಯಿಂದ ಫೋನ್. ನಿನ್ನ ಫೋನಿಗೆ ಮೆಸೇಜ್ ಬಂತಂತೆ. ಇನ್ನೂರ ಇಪ್ಪತ್ತೊಂಬತ್ತು. ಎಲ್ಲ.’

ಎಂಬತ್ತೆರಡು ಸಾವಿರದ ಚಿಲ್ಲರೆ. ಅವಳದು ಪೂರ್ತಿ ಬಂತು. ಇವನ ಇಪ್ಪತ್ತೈದು ಸಾವಿರದಲ್ಲಿ ಎರಡು ಸಾವಿರದ ಮುನ್ನೂರ ಅರವತ್ತು ಹೋಯಿತು.

ಊಟದ ಹೊತ್ತಿಗೆ ರೇಡಿಯೋ ಅಣ್ಣ ಕೂಗಿದ: “ಇನ್ನೂರ ನಲವತ್ತಾರು ಕಣೋ! ಮಾರಿಬಿಟ್ಟಿಯಲ್ಲೋ ಪುಣ್ಯಾತ್ಮ! ಬೆಳೆದ ಪೈರಿಗೆ ಕುಡುಗೋಲು ಹಾಕೋ ಮುಂಚೆ ಗದ್ದೆ ಮಾರ್ಕೊಂಡ ಹಾಗಾಯ್ತು!”

ಅವನು ಊಟದ ಡಬ್ಬಿ ಮುಚ್ಚಿಟ್ಟ. ಹಣ ಹೋದದ್ದಕ್ಕಲ್ಲ. ಬೆಳಿಗ್ಗೆ ಫೋನು ಕಿಸೆಯಲ್ಲಿದ್ದಿದ್ದರೆ ಇವತ್ತು ಗೆಲ್ಲುತ್ತಿದ್ದ, ಗೆದ್ದು ಅವಳಿಗೆ ಕೊನೆಯವರೆಗೂ ಏನೂ ಹೇಳುತ್ತಿರಲಿಲ್ಲ, ಇನ್ನೊಮ್ಮೆ ಗುರುವಾರ ಬಂದಾಗ ಕೈ ಮತ್ತೆ ಅದೇ ಖಾತೆಗೆ ಹೋಗುತ್ತಿತ್ತು. ಅಷ್ಟು ಸ್ಪಷ್ಟವಾಗಿ ತನ್ನನ್ನು ತಾನು ನೋಡಿದ್ದು ಅವನಿಗೆ ನೆನಪಿರಲಿಲ್ಲ.

ಬುಧವಾರ ಸಂಜೆ ಅವಳು ಶುಲ್ಕ ಕಟ್ಟಿದ ರಸೀದಿ ತಂದು ಮೇಜಿನ ಮೇಲೆ ಹರವಿದಳು. ಅವನು ಅದನ್ನು ಎರಡು ಸಲ ಓದಿದ. ರಸೀದಿಯ ಕೆಳಗೆ ಇನ್ನೊಂದು ಕಾಗದವಿತ್ತು. ಬ್ಯಾಂಕಿನ ಅರ್ಜಿ: ಜಂಟಿ ಖಾತೆಯಿಂದ ಅವನ ಹೆಸರು ತೆಗೆಯುವುದು. ಅವಳು ಎಲ್ಲ ತುಂಬಿಸಿದ್ದಳು. ಅವನ ಸಹಿಯ ಗೆರೆ ಮಾತ್ರ ಖಾಲಿ.

“ಸಿಟ್ಟಾ?” ಎಂದ.

“ಸಿಟ್ಟಿದ್ರೆ ಶನಿವಾರಾನೇ ಮುಗೀತಿತ್ತು” ಎಂದಳು. “ಮಾರೋ ತನಕ ಎರಡು ರಾತ್ರಿ ನಿದ್ದೆ ಬರಲಿಲ್ಲ ನನಗೆ. ನಿನ್ನ ಪಕ್ಕದಲ್ಲೇ ಮಲಗಿದ್ದೆ, ನೀನು ಎದ್ದರೆ ಫೋನು ತಡವಿ ನೋಡ್ತಿದ್ದೆ. ಹಾಗೆ ಬದುಕೋಕೆ ನನ್ನ ಕೈಲಾಗಲ್ಲ. ಸಹಿ ಹಾಕು.”

ಪೆನ್ನು ಅವಳೇ ಮುಂದೆ ಮಾಡಿದಳು. ಅವನು ಹಾಕಿದ. ಅವಳು ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಸಹಿಯನ್ನು ಬ್ಯಾಂಕಿನ ಹಳೆಯ ಪುಸ್ತಕದಲ್ಲಿದ್ದ ಸಹಿಯ ಪಕ್ಕ ಇಟ್ಟು, ಎರಡೂ ಒಂದೇ ಹಾಗಿವೆಯೇ ಎಂದು ನಿಧಾನವಾಗಿ ನೋಡಿದಳು.